ಕಚೇರಿಯ ವಿಳಾಸಕ್ಕೆ ಬಂದ ಮೇಲ್ ಎಲ್ಲಿ ಉಳಿಯುತ್ತದೆ?

ಒಂದು ವಿಭಾಗದ ಹೆಸರಿನಲ್ಲಿರುವ ಮೇಲ್ ವಿಳಾಸ ಹೊರಗಿನವರ ಕಣ್ಣಿಗೆ ಯಾವಾಗಲೂ ಒಂದೇ ಥರ. ಪ್ರವೇಶಪತ್ರದ ಕೆಳಗೆ exam@college.example ಎಂದು ಅಚ್ಚಾಗಿದ್ದರೆ ವಿದ್ಯಾರ್ಥಿ ಅದಕ್ಕೆ ಬರೆಯುತ್ತಾನೆ, ಪರೀಕ್ಷಾ ವಿಭಾಗಕ್ಕೆ ತಲುಪಿತು ಅಂದುಕೊಂಡು ಸುಮ್ಮನಾಗುತ್ತಾನೆ. ಆ ವಿಳಾಸದ ಹಿಂದೆ ಇರುವುದು ಮಾತ್ರ ಮೂರರಲ್ಲಿ ಯಾವುದೂ ಆಗಿರಬಹುದು: ಶೇರ್ಡ್ ಮೇಲ್‌ಬಾಕ್ಸ್, ಡಿಸ್ಟ್ರಿಬ್ಯೂಷನ್ ಲಿಸ್ಟ್, ಇಲ್ಲವೇ ಗ್ರೂಪ್.

ಶೇರ್ಡ್ ಮೇಲ್‌ಬಾಕ್ಸ್ ಎಂದರೆ ಹಲವರ ಕೈಯಲ್ಲಿ ಬೀಗದ ಕೈ ಇರುವ ಒಂದೇ ಟಪಾಲು ಪೆಟ್ಟಿಗೆ. ಡಿಸ್ಟ್ರಿಬ್ಯೂಷನ್ ಲಿಸ್ಟ್, ಅಂದರೆ ಐಟಿಯವರ ಬಾಯಲ್ಲಿ ಡಿಎಲ್, ಪೆಟ್ಟಿಗೆಯೇ ಅಲ್ಲ. ಬಂದ ಪತ್ರಕ್ಕೆ ಜೆರಾಕ್ಸ್ ತೆಗೆದು ಪಟ್ಟಿಯಲ್ಲಿರುವ ಒಬ್ಬೊಬ್ಬರ ಮೇಜಿನ ಮೇಲೂ ಒಂದೊಂದು ಪ್ರತಿ ಇಟ್ಟು, ತನ್ನ ಬಳಿ ಏನನ್ನೂ ಉಳಿಸಿಕೊಳ್ಳದ ಜವಾನನಂತೆ ಅದು. ಗ್ರೂಪ್ ಎಂಬುದು ಟಪಾಲು, ಕ್ಯಾಲೆಂಡರ್, ಕಡತಗಳ ಬೀರು ಎಲ್ಲ ಸೇರಿದ ಒಂದು ಕೋಣೆ. ಸದಸ್ಯರಾದವರು ಒಳಗೆ ಬಂದು ಕೂತು ಕೆಲಸ ಮಾಡಬಹುದು. ಇಲ್ಲಿ ಹೇಳುವ ವಿವರಗಳೆಲ್ಲ ಮೈಕ್ರೋಸಾಫ್ಟ್ 365ರವು, ಏಕೆಂದರೆ ಈ ಮೂರೂ ಬೇರೆ ಬೇರೆಯಾಗಿ, ಬೇರೆ ಬೇರೆ ಹೆಸರಿನಲ್ಲಿ ಸಿಗುವುದು ಅಲ್ಲಿ. ಗೂಗಲ್‌ನ ಮಾತು ಆಮೇಲೆ ಬರುತ್ತದೆ.

ಉದಾಹರಣೆಗೆ ಒಂದು ಪದವಿ ಕಾಲೇಜಿನ ಪರೀಕ್ಷಾ ವಿಭಾಗವನ್ನೇ ಇಟ್ಟುಕೊಳ್ಳಬಹುದು. ಒಬ್ಬರು ಅಧೀಕ್ಷಕರು, ಇಬ್ಬರು ಎಫ್‌ಡಿಎ, ಒಬ್ಬ ಕಂಪ್ಯೂಟರ್ ಆಪರೇಟರ್, ಒಟ್ಟು ನಾಲ್ವರು. ಫಲಿತಾಂಶ ಬಂದ ವಾರದಲ್ಲಿ ದಿನಕ್ಕೆ 40 ಮೇಲ್ ಬರುತ್ತವೆ ಅನ್ನೋಣ. ಅಂಕಪಟ್ಟಿಯಲ್ಲಿ ಹೆಸರು ತಪ್ಪಿದೆ, ಮರುಮೌಲ್ಯಮಾಪನಕ್ಕೆ ಕೊನೆಯ ದಿನ ಯಾವುದು, ನಮ್ಮ ಕಂಪನಿಗೆ ಸೇರಿದ ಈ ಹುಡುಗಿಯ ಅಂಕಪಟ್ಟಿ ನಿಜವೇ ತಿಳಿಸಿ, ಇಂಥವು. ಎಲ್ಲಕ್ಕೂ ಉತ್ತರ ಬೇಕು. ಉತ್ತರ ಕೊಟ್ಟದ್ದು ನಾಳೆ ಇನ್ನೊಬ್ಬರಿಗೆ ಸಿಗಬೇಕು.

ಇಂಥ ಕಡೆ ಮೊದಲು ಕೈಗೆ ಸಿಗುವ ಉಪಾಯ ಈ ಮೂರರಲ್ಲಿ ಯಾವುದೂ ಅಲ್ಲ. ವಿಭಾಗದ ಹೆಸರಿನಲ್ಲಿ ಒಂದು ಸಾಮಾನ್ಯ ಖಾತೆ ತೆರೆದು, ಪಾಸ್‌ವರ್ಡನ್ನು ನಾಲ್ವರಿಗೂ ಹೇಳಿ, ಮರೆಯದಿರಲಿ ಎಂದು ಮಾನಿಟರ್ ಅಂಚಿಗೆ ಚೀಟಿ ಅಂಟಿಸುವುದು. ಆ ಖಾತೆಗೆ ಒಬ್ಬ ನೌಕರನ ಖಾತೆಯಷ್ಟೇ ಲೈಸೆನ್ಸ್ ಹಣ ತೆರಬೇಕು. ಉತ್ತರ ಬರೆದವರು ಯಾರೆಂಬುದು ಗೊತ್ತಾಗುವುದಿಲ್ಲ. ಈಗಂತೂ ಲಾಗಿನ್ ಆಗುವಾಗ ಮೊಬೈಲಿಗೆ ಬರುವ ಕೋಡ್ ಒಬ್ಬರ ಫೋನಿಗೇ ಬರುತ್ತದೆ. ಅವರು ಮಗಳ ಮದುವೆಗೆ ರಜೆ ಹಾಕಿದ ದಿನ ಉಳಿದ ಮೂವರೂ ಪೆಟ್ಟಿಗೆಯ ಹೊರಗೆ.

ಇದರಿಂದ ಬೇಸತ್ತ ಕಚೇರಿ ಸಾಮಾನ್ಯವಾಗಿ ಡಿಎಲ್ ಕೇಳುತ್ತದೆ, ಐಟಿ ವಿಭಾಗವೂ ಎರಡು ನಿಮಿಷದಲ್ಲಿ ಮಾಡಿಕೊಡುತ್ತದೆ. ಲೈಸೆನ್ಸ್ ಬೇಡ, ಕಲಿಯಬೇಕಾದ್ದೂ ಏನಿಲ್ಲ, ಮೇಲ್ ನೇರ ತಮ್ಮ ತಮ್ಮ ಇನ್‌ಬಾಕ್ಸಿಗೆ ಬರುತ್ತದೆ. ಮೊದಲ ತೊಡಕು ಅಂದೇ ಕಾಣಿಸಬಹುದು. ಹೊಸ ಡಿಎಲ್ ತಾನಾಗಿಯೇ ಸಂಸ್ಥೆಯ ಒಳಗಿನವರ ಮೇಲ್ ಮಾತ್ರ ತೆಗೆದುಕೊಳ್ಳುತ್ತದೆ. ಹೊರಗಿನ ವಿದ್ಯಾರ್ಥಿ ಜಿಮೇಲ್‌ನಿಂದ ಬರೆದರೆ 5.7.133 ಎಂಬ ಸಂಖ್ಯೆ ಹೊತ್ತ ಸಂದೇಶದೊಂದಿಗೆ ಪತ್ರ ಅವನಿಗೇ ವಾಪಸಾಗುತ್ತದೆ. ಅದು ವಾಪಸಾದದ್ದು ಕಚೇರಿಯಲ್ಲಿ ಯಾರಿಗೂ ತಿಳಿಯುವುದಿಲ್ಲ. ‘ಈ ಸಲ ದೂರುಗಳೇ ಇಲ್ಲ’ ಎಂದು ಸಮಾಧಾನಪಡುವ ಕಚೇರಿ ಒಮ್ಮೆ ಇದನ್ನು ನೋಡಿಕೊಳ್ಳುವುದು ಒಳ್ಳೆಯದು. ಹೊರಗಿನವರಿಗೂ ಅವಕಾಶ ಕೊಡುವ ಆಯ್ಕೆ ಪಟ್ಟಿಯ ಸೆಟ್ಟಿಂಗ್‌ನಲ್ಲೇ ಇದೆ. ಒಂದು ಕ್ಲಿಕ್ಕಿನ ಕೆಲಸ.

ಎರಡನೆಯ ತೊಡಕು ಕ್ಲಿಕ್ಕಿಗೆ ಬಗ್ಗುವಂಥದ್ದಲ್ಲ. ಸೋಮವಾರ ಬೆಳಿಗ್ಗೆ ಒಬ್ಬ ವಿದ್ಯಾರ್ಥಿ ತಂದೆಯ ಹೆಸರು ತಪ್ಪಾಗಿದೆ ಎಂದು ಬರೆಯುತ್ತಾನೆ. ನಾಲ್ಕು ಪ್ರತಿಗಳು ನಾಲ್ಕು ಇನ್‌ಬಾಕ್ಸಿಗೆ ಹೋಗುತ್ತವೆ. ಮೊದಲ ಎಫ್‌ಡಿಎ ತಮ್ಮ ಹೆಸರಿನ ವಿಳಾಸದಿಂದಲೇ, ‘ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಪ್ರತಿ ಕಳಿಸಿ’ ಎಂದು ಉತ್ತರಿಸುತ್ತಾರೆ. ಇದು ಗೊತ್ತಿಲ್ಲದ ಆಪರೇಟರ್ ಮಧ್ಯಾಹ್ನ, ‘ಶುಲ್ಕ ಕಟ್ಟಿ ಅರ್ಜಿ ಸಮೇತ ಕಚೇರಿಗೆ ಬನ್ನಿ’ ಎಂದು ಬರೆಯುತ್ತಾನೆ. ವಿದ್ಯಾರ್ಥಿ ಯಾವುದನ್ನು ನಂಬಬೇಕೋ ತಿಳಿಯದೆ ಮೊದಲ ಉತ್ತರಕ್ಕೇ ಮರಳಿ ಬರೆಯುತ್ತಾನೆ. ಆ ಉತ್ತರ ಬಂದದ್ದು ಎಫ್‌ಡಿಎ ಅವರ ಸ್ವಂತ ವಿಳಾಸದಿಂದ. ಹಾಗಾಗಿ ಅಲ್ಲಿಂದ ಮುಂದಿನ ಪತ್ರವ್ಯವಹಾರವೆಲ್ಲ ವಿಭಾಗದ ವಿಳಾಸವನ್ನು ಬಿಟ್ಟು ಒಬ್ಬರ ಇನ್‌ಬಾಕ್ಸಿನೊಳಗೆ ನಡೆಯುತ್ತದೆ. ಮುಂದಿನ ತಿಂಗಳು ಅವರಿಗೆ ವರ್ಗವಾದರೆ ಕಡತವೂ ಅವರ ಜೊತೆಗೇ ಹೋದಂತೆ. ಅವರ ಜಾಗಕ್ಕೆ ಬಂದವರನ್ನು ಪಟ್ಟಿಗೆ ಸೇರಿಸಬಹುದು, ಆದರೆ ಸೇರಿದ ದಿನದಿಂದಾಚೆಗಿನ ಪತ್ರಗಳಷ್ಟೇ ಅವರಿಗೆ ಸಿಗುತ್ತವೆ.

ಇದರ ತಿರುಗುಮುರುಗು ಇನ್ನೂ ಹೆಚ್ಚು. ಕಂಪನಿಯೊಂದು ಅಂಕಪಟ್ಟಿಯ ನೈಜತೆ ಕೇಳಿ ಬರೆದಿರುತ್ತದೆ. ನಾಲ್ವರೂ ಓದುತ್ತಾರೆ. ‘ಮೇಡಂ ನೋಡಿರ್ತಾರೆ’ ಎಂದು ಮೂವರು, ‘ಹುಡುಗರು ಕಳಿಸಿರ್ತಾರೆ’ ಎಂದು ಮೇಡಂ. ಡಿಎಲ್‌ನಲ್ಲಿ ನಾಲ್ಕು ಪ್ರತಿಗಳಿಗೂ ಒಂದಕ್ಕೊಂದು ಸಂಬಂಧವಿಲ್ಲ. ಒಬ್ಬರು ಓದಿದ್ದು, ಉತ್ತರಿಸಿದ್ದು, ಅಳಿಸಿದ್ದು ಇನ್ನೊಬ್ಬರ ಪ್ರತಿಯ ಮೇಲೆ ಗುರುತಾಗುವುದಿಲ್ಲ. ನಾಲ್ವರಿಗೂ ವಿಭಾಗದ ಹೆಸರಿನಲ್ಲೇ ಉತ್ತರಿಸುವ ಅನುಮತಿ ಕೊಟ್ಟರೂ, ಕಳಿಸಿದ ಉತ್ತರದ ಪ್ರತಿ ಕಳಿಸಿದವರ ಬಳಿ ಮಾತ್ರ ಉಳಿಯುತ್ತದೆ. ಡಿಎಲ್‌ಗೆ ಸೆಂಟ್ ಫೋಲ್ಡರ್ ಎಂಬುದೇ ಇಲ್ಲ.

ಹಾಗೆಂದು ಡಿಎಲ್ ಕೆಟ್ಟದ್ದಲ್ಲ, ಅದರ ಕೆಲಸ ಬೇರೆ. ಮೌಲ್ಯಮಾಪನದ ದಿನಾಂಕ ಬದಲಾಗಿದೆ ಎಂದು 120 ಅಧ್ಯಾಪಕರಿಗೆ ತಿಳಿಸಬೇಕಾದಾಗ ಅದಕ್ಕಿಂತ ಹಗುರವಾದ ಸಾಧನ ಇನ್ನೊಂದಿಲ್ಲ. ಸುತ್ತೋಲೆ ಒಳಗಿನಿಂದ ಹೊರಡುತ್ತದೆ, ಎಲ್ಲರಿಗೂ ತಲುಪುತ್ತದೆ, ಯಾರೂ ಉತ್ತರಿಸಬೇಕಾಗಿಲ್ಲ. ಅಲ್ಲಿ ಹೊರಗಿನವರ ಮೇಲ್ ತಡೆಯುವ ಆ ಬೇಲಿಯೇ ಉಪಕಾರಿ.

ಗ್ರೂಪ್ ಕಡೆಗೆ ಕಚೇರಿಗಳು ಹೋಗುವುದು ಹೆಚ್ಚಾಗಿ ಟೀಮ್ಸ್ ಮೂಲಕ. ಟೀಮ್ಸ್‌ನಲ್ಲಿ ‘ಪರೀಕ್ಷಾ ವಿಭಾಗ’ ಎಂದು ತಂಡ ಕಟ್ಟಿದೊಡನೆ ಅದರ ಹಿಂದೆ ಒಂದು ಗ್ರೂಪ್ ತಾನೇ ಹುಟ್ಟುತ್ತದೆ, ಅದಕ್ಕೊಂದು ಮೇಲ್ ವಿಳಾಸವೂ 50 ಜಿಬಿಯ ಪೆಟ್ಟಿಗೆಯೂ ಬರುತ್ತವೆ. ವಿಳಾಸ ಹೇಗೂ ಇದೆಯಲ್ಲ, ಅದನ್ನೇ ಹೊರಗೆ ಕೊಡೋಣ ಅನ್ನಿಸುವುದು ಸಹಜ. ಇಲ್ಲಿ ಡಿಎಲ್‌ಗಿಂತ ಒಂದು ಲಾಭ ಖಂಡಿತ ಇದೆ: ಪತ್ರಗಳು ಗ್ರೂಪ್‌ನ ಪೆಟ್ಟಿಗೆಯಲ್ಲೇ ಉಳಿಯುತ್ತವೆ, ಇಂದು ಸೇರಿದ ಸದಸ್ಯರೂ ಹೋದ ವರ್ಷದ ಪತ್ರ ತೆರೆದು ಓದಬಹುದು. ಸಾಮಾನ್ಯ ಸದಸ್ಯರು ಪತ್ರಗಳನ್ನು ಅಳಿಸಲಾರರು, ಆ ಅಧಿಕಾರ ಮೊದಲಿಗೆ ಮಾಲೀಕರದ್ದು ಮಾತ್ರ. ದಾಖಲೆ ಉಳಿಯಲೇಬೇಕಾದ ಕಡೆ ಇದು ಸಣ್ಣ ಗುಣವಲ್ಲ.

ಆದರೆ ಗ್ರೂಪ್ ಕಟ್ಟಿರುವುದು ತಂಡದ ಒಳಗಿನ ಮಾತುಕತೆಗೆ. ಬಾಗಿಲಿಗೆ ಬಂದವರನ್ನು ವಿಚಾರಿಸುವ ಕೌಂಟರ್ ಆಗಿ ಅದನ್ನು ಮಾಡಿಲ್ಲ. ಟೀಮ್ಸ್ ಮೂಲಕ ಹುಟ್ಟಿದ ಗ್ರೂಪ್ ಔಟ್‌ಲುಕ್‌ನಲ್ಲಿ ಮೊದಲಿಗೆ ಕಾಣಿಸುವುದೇ ಇಲ್ಲ. ಕಾಣಿಸಿದರೂ, ಮೇಲ್‌ನ ಪ್ರತಿಯನ್ನು ಸದಸ್ಯರ ಇನ್‌ಬಾಕ್ಸಿಗೂ ಕಳಿಸುವ ಆಯ್ಕೆ ಹಾಕಿರದಿದ್ದರೆ ಪತ್ರಗಳು ಗ್ರೂಪ್‌ನೊಳಗೇ ಕೂತಿರುತ್ತವೆ. ಯಾರಾದರೂ ಹೋಗಿ ಇಣುಕಿದರೆ ಉಂಟು. ಹೊರಗಿನವರ ಮೇಲ್‌ಗೆ ಡಿಎಲ್‌ನಂತೆ ಇಲ್ಲೂ ಬೇರೆಯಾಗಿ ಅನುಮತಿ ಕೊಡಬೇಕು. ಮುಗಿದ ಪತ್ರವನ್ನು ಬೇರೆ ಫೋಲ್ಡರಿಗೆ ಸರಿಸುವ ಸೌಲಭ್ಯ ಗ್ರೂಪ್‌ಗಳಲ್ಲಿ ಬಹಳ ಕಾಲ ಇರಲಿಲ್ಲ. ಈಗ ಇದ್ದರೂ ಇಡೀ ಸಂಸ್ಥೆಯ ಮಟ್ಟದಲ್ಲಿ ಆಡಳಿತಗಾರರು ಅದನ್ನು ತೆರೆದುಕೊಡಬೇಕು.

ಎಲ್ಲಕ್ಕಿಂತ ಎಚ್ಚರಿಕೆ ಬೇಕಾದದ್ದು ಗ್ರೂಪ್ ‘ಪಬ್ಲಿಕ್’ ಆಗಿದೆಯೋ ‘ಪ್ರೈವೇಟ್’ ಆಗಿದೆಯೋ ಎಂಬಲ್ಲಿ. ಪಬ್ಲಿಕ್ ಎಂದಿದ್ದರೆ ಇಡೀ ಜಗತ್ತಿಗೆ ತೆರೆದಿದೆ ಎಂದಲ್ಲ, ಆದರೆ ಸಂಸ್ಥೆಯಲ್ಲಿ ಖಾತೆ ಇರುವ ಯಾರು ಬೇಕಾದರೂ ಒಳಗಿನದನ್ನು ಓದಬಹುದು. ಕಾಲೇಜಿನಲ್ಲಿ ವಿದ್ಯಾರ್ಥಿಗಳಿಗೂ ಅದೇ ಸಂಸ್ಥೆಯ ಖಾತೆ ಕೊಟ್ಟಿರುತ್ತಾರೆ. ಒಬ್ಬನ ಮರುಮೌಲ್ಯಮಾಪನದ ಪತ್ರ ಮತ್ತೊಬ್ಬನ ಕೈಗೆ ಸಿಗಲು ಯಾರ ಕಳ್ಳತನವೂ ಬೇಕಿಲ್ಲ.

ಗ್ರೂಪ್ ಸರಿಹೊಂದುವುದು ಅದೇ ನಾಲ್ವರು ಮುಂದಿನ ಸೆಮಿಸ್ಟರಿನ ವೇಳಾಪಟ್ಟಿ ತಯಾರಿಸುವಾಗ. ಕರಡು ಕಡತ, ಸಭೆಯ ದಿನ, ಕೊಠಡಿ ಹಂಚಿಕೆಯ ಮಾತು, ಎಲ್ಲವೂ ಒಂದೇ ಕಡೆ ಇರುತ್ತವೆ.

ಇನ್ನು ಶೇರ್ಡ್ ಮೇಲ್‌ಬಾಕ್ಸ್. 50 ಜಿಬಿಯವರೆಗೆ ಇದಕ್ಕೆ ಪ್ರತ್ಯೇಕ ಲೈಸೆನ್ಸ್ ಬೇಡ. ಅದನ್ನು ಬಳಸುವ ನಾಲ್ವರಿಗೆ ತಮ್ಮ ತಮ್ಮ ಲೈಸೆನ್ಸ್ ಇದ್ದರೆ ಸಾಕು. ಪಾಸ್‌ವರ್ಡನ್ನೂ ಯಾರೂ ಇಟ್ಟುಕೊಳ್ಳುವುದಿಲ್ಲ. ಪೆಟ್ಟಿಗೆಯ ಹಿಂದೆ ಒಂದು ಖಾತೆ ಇರುತ್ತದಾದರೂ ಅದಕ್ಕೆ ನೇರ ಲಾಗಿನ್ ಆಗದಂತೆ ಮುಚ್ಚಿಡಬೇಕು. ಪ್ರತಿಯೊಬ್ಬರೂ ತಮ್ಮ ಸ್ವಂತ ಖಾತೆಯಿಂದ ಲಾಗಿನ್ ಆಗುತ್ತಾರೆ, ಪಕ್ಕದಲ್ಲೇ ವಿಭಾಗದ ಪೆಟ್ಟಿಗೆಯೂ ತೆರೆದುಕೊಳ್ಳುತ್ತದೆ. ವರ್ಗವಾದವರ ಹೆಸರು ತೆಗೆದು ಬಂದವರ ಹೆಸರು ಸೇರಿಸಿದರೆ ಹಳೆಯ ಪತ್ರಗಳೆಲ್ಲ ಇದ್ದಲ್ಲೇ ಇರುತ್ತವೆ. ಹೊರಗಿನಿಂದ ಬರುವ ಮೇಲ್‌ಗೆ ಇಲ್ಲಿ ಮೊದಲಿನಿಂದಲೂ ತಡೆ ಇಲ್ಲ.

ಅನುಮತಿಗಳು ಎರಡು ಬಗೆ, ಎರಡನ್ನೂ ಬೇರೆ ಬೇರೆಯಾಗಿ ಕೊಡಬೇಕು. ‘ಫುಲ್ ಆ್ಯಕ್ಸೆಸ್’ ಕೊಟ್ಟರೆ ಪೆಟ್ಟಿಗೆ ತೆರೆದು ಓದಬಹುದು, ಆದರೆ ಅದರ ಹೆಸರಿನಲ್ಲಿ ಕಳಿಸಲಾಗದು. ಕಳಿಸಲು ‘ಸೆಂಡ್ ಆ್ಯಸ್’ ಬೇಕು. ಅದರ ಬದಲು ‘ಸೆಂಡ್ ಆನ್ ಬಿಹಾಫ್’ ಕೊಟ್ಟರೆ, ಇಂಥ ಗುಮಾಸ್ತರು ವಿಭಾಗದ ಪರವಾಗಿ ಕಳಿಸಿದ್ದಾರೆ ಎಂದು ಪಡೆದವರಿಗೆ ಕಾಣುತ್ತದೆ. ಪರೀಕ್ಷಾ ವಿಭಾಗದಂಥ ಕಡೆ ಸೆಂಡ್ ಆ್ಯಸ್ ಕೊಡುವುದೇ ಮೇಲು. ಗುಮಾಸ್ತರ ಹೆಸರು ಕಂಡರೆ ವಿದ್ಯಾರ್ಥಿಗಳು ಮುಂದಿನ ಸಲ ಅವರಿಗೇ ನೇರ ಬರೆಯಲು ಶುರುಮಾಡುತ್ತಾರೆ. ಅನುಮತಿ ಕೊಟ್ಟ ಮರುಕ್ಷಣವೇ ಅದು ಜಾರಿಗೆ ಬರುವುದಿಲ್ಲ, ಒಂದು ಗಂಟೆಯವರೆಗೂ ಹಿಡಿಯಬಹುದು. ನಾಲ್ವರ ಹೆಸರನ್ನೂ ನೇರ ಸೇರಿಸಿದ್ದರೆ ಪೆಟ್ಟಿಗೆ ವಿಂಡೋಸ್‌ನ ಔಟ್‌ಲುಕ್‌ನಲ್ಲಿ ತಾನಾಗಿ ಕಾಣಿಸಿಕೊಳ್ಳುತ್ತದೆ. ಸೆಕ್ಯುರಿಟಿ ಗ್ರೂಪ್ ಮೂಲಕ ಅನುಮತಿ ಕೊಟ್ಟಿದ್ದರೆ ಕಾಣಿಸುವುದಿಲ್ಲ, ಕೈಯಾರೆ ಸೇರಿಸಿಕೊಳ್ಳಬೇಕು. ‘ನನಗೆ ಮಾತ್ರ ಬಂದಿಲ್ಲ’ ಎಂಬ ಫೋನ್ ಕರೆಗಳಿಗೆ ಎಷ್ಟೋ ಸಲ ಇದೇ ಕಾರಣ.

ಇಲ್ಲಿಯೂ ಮೂರು ಗುಂಡಿಗಳಿವೆ, ಮೂರನ್ನೂ ಮೊದಲ ದಿನವೇ ಮುಚ್ಚಬಹುದು. ಮೊದಲನೆಯದು ಕಳಿಸಿದ ಉತ್ತರದ ಪ್ರತಿ. ಸೆಟ್ಟಿಂಗ್ ಬದಲಿಸದಿದ್ದರೆ ಎಫ್‌ಡಿಎ ವಿಭಾಗದ ಹೆಸರಿನಲ್ಲಿ ಕಳಿಸಿದ ಉತ್ತರವೂ ಅವರ ಸ್ವಂತ ಸೆಂಟ್ ಫೋಲ್ಡರಿಗೇ ಹೋಗಿ ಬೀಳುತ್ತದೆ. ಪೆಟ್ಟಿಗೆಯಲ್ಲಿ ಬಂದ ಪತ್ರಗಳಷ್ಟೇ ಕಾಣುತ್ತವೆ, ಹೋದವು ಕಾಣುವುದಿಲ್ಲ; ಇನ್‌ವರ್ಡ್ ರಿಜಿಸ್ಟರ್ ಇದ್ದು ಔಟ್‌ವರ್ಡ್ ಇಲ್ಲದ ಕಚೇರಿಯಂತೆ. ಶೇರ್ಡ್ ಮೇಲ್‌ಬಾಕ್ಸ್‌ಗೆ ಬಂದೂ ಡಿಎಲ್‌ನ ತೊಂದರೆಯನ್ನೇ ಅನುಭವಿಸುವ ಕಚೇರಿಗಳು ಎಡವಿರುವುದು ಇಲ್ಲಿ. ಆಡಳಿತಗಾರರು ಅಡ್ಮಿನ್ ಸೆಂಟರಿನಲ್ಲಿ ಆ ಪೆಟ್ಟಿಗೆಯ ಸೆಂಟ್ ಐಟಮ್ಸ್ ಆಯ್ಕೆಯನ್ನು ಬದಲಿಸಬಹುದು, ಇಲ್ಲವೇ ಪವರ್‌ಶೆಲ್‌ನಲ್ಲಿ ಒಂದೇ ಸಾಲಿನ ಆದೇಶ ಕೊಡಬಹುದು:

```
Set-Mailbox exam@college.example -MessageCopyForSentAsEnabled $true -MessageCopyForSendOnBehalfEnabled $true
```

ಆಮೇಲಿಂದ ಪ್ರತಿ ಉತ್ತರದ ಒಂದು ನಕಲು ಪೆಟ್ಟಿಗೆಯ ಸೆಂಟ್ ಫೋಲ್ಡರಿನಲ್ಲೂ ಉಳಿಯುತ್ತದೆ. ಈ ಹಿಂದೆ ಹೋದವು ಮಾತ್ರ ವಾಪಸ್ ಬರುವುದಿಲ್ಲ.

ಎರಡನೆಯದು ಅಳಿಸಿದ ಪತ್ರ. ವಿಂಡೋಸ್‌ನ ಹಳೆಯ ಔಟ್‌ಲುಕ್‌ನಲ್ಲಿ ವಿಭಾಗದ ಪೆಟ್ಟಿಗೆಯಿಂದ ಅಳಿಸಿದ ಪತ್ರ, ಬೇರೆ ಸೆಟ್ಟಿಂಗ್ ಮಾಡಿರದಿದ್ದರೆ, ಅಳಿಸಿದವರ ಸ್ವಂತ ಡಿಲೀಟೆಡ್ ಫೋಲ್ಡರಿಗೆ ಹೋಗುತ್ತದೆ. ಪೆಟ್ಟಿಗೆಯಲ್ಲಿ ಹುಡುಕಿದರೆ ಸಿಗುವುದಿಲ್ಲ, ಉಳಿದ ಮೂವರ ಹತ್ತಿರವೂ ಇರುವುದಿಲ್ಲ. ಪತ್ರ ಕಾಣೆಯಾಯಿತು ಎಂದು ಸರ್ವರ್ ಮೇಲೆ ಅನುಮಾನಪಡುವ ಮುನ್ನ ನಾಲ್ವರ ಕಸದ ಬುಟ್ಟಿಯನ್ನೂ ನೋಡಬೇಕು. ಶೇರ್ಡ್ ಮೇಲ್‌ಬಾಕ್ಸ್‌ನಲ್ಲಿ ಓದುವ ಪೂರ್ಣ ಅಧಿಕಾರ ಕೊಟ್ಟು ಅಳಿಸುವುದನ್ನು ಮಾತ್ರ ತಡೆಯಲು ಬರುವುದಿಲ್ಲ. ಅಳಿಸದೆ ‘ಮುಗಿದವು’ ಎಂಬ ಫೋಲ್ಡರಿಗೆ ಸರಿಸುವ ರೂಢಿ ಬೆಳೆಸಿಕೊಳ್ಳುವುದೊಂದೇ ದಾರಿ.

ಮೂರನೆಯದು ಓದಿದ ಗುರುತು. ಪತ್ರ ಒಂದೇ ಆದ್ದರಿಂದ ಒಬ್ಬರು ತೆರೆದರೆ ಎಲ್ಲರಿಗೂ ಅದು ಓದಿದಂತೆ ತೋರುತ್ತದೆ. ದಪ್ಪ ಅಕ್ಷರ ಇದ್ದರೆ ಹೊಸದು, ಇಲ್ಲದಿದ್ದರೆ ಮುಗಿದದ್ದು ಎಂದು ಅಭ್ಯಾಸವಾದವರು ಇಲ್ಲಿ ಮೋಸಹೋಗುತ್ತಾರೆ. ಅಧೀಕ್ಷಕರು ಕುತೂಹಲಕ್ಕೆ ತೆರೆದು ನೋಡಿದ ಪತ್ರಕ್ಕೆ ಯಾರೂ ಉತ್ತರಿಸುವುದಿಲ್ಲ. ಔಟ್‌ಲುಕ್‌ನ ಬಣ್ಣದ ಕೆಟಗರಿಗಳು ಇದಕ್ಕೆ ಸಾಕು. ಒಬ್ಬೊಬ್ಬರಿಗೆ ಒಂದೊಂದು ಬಣ್ಣ. ಕೈಗೆತ್ತಿಕೊಂಡವರು ಮೊದಲು ತಮ್ಮ ಬಣ್ಣ ಹಚ್ಚಿ ಆಮೇಲೆ ಉತ್ತರ ಬರೆಯಬೇಕು. ಪತ್ರದ ಮೇಲಿನ ಆ ಗುರುತು ನಾಲ್ವರಿಗೂ ಕಾಣುತ್ತದೆ. ಬಣ್ಣವಿಲ್ಲದ್ದು ಎಷ್ಟೇ ಓದಿದಂತೆ ಕಂಡರೂ ಅನಾಥ ಎಂದೇ ಲೆಕ್ಕ.

ಒಂದೇ ಪತ್ರವನ್ನು ಇಬ್ಬರು ಒಟ್ಟಿಗೆ ತೆರೆದು ಉತ್ತರ ಬರೆಯಲು ಕೂತರೆ ಅದನ್ನು ತಡೆಯುವ ಬೀಗ ಈ ಪೆಟ್ಟಿಗೆಯಲ್ಲಿಲ್ಲ. ನಾಲ್ವರಿರುವ ಕೋಣೆಯಲ್ಲಿ ತಲೆ ಎತ್ತಿ ಕೇಳಿದರೆ ಮುಗಿಯಿತು. ಜನ ಹೆಚ್ಚಾದಂತೆ ಕಷ್ಟ. ಒಂದು ಪೆಟ್ಟಿಗೆಯನ್ನು 25ಕ್ಕಿಂತ ಹೆಚ್ಚು ಜನ ಏಕಕಾಲಕ್ಕೆ ಬಳಸಿದರೆ ಸಂಪರ್ಕ ಕಡಿದುಹೋಗುವುದು, ಮೇಲ್‌ಗಳು ಎರಡೆರಡಾಗುವುದು ಶುರುವಾಗಬಹುದು ಎಂದು ಮೈಕ್ರೋಸಾಫ್ಟ್ ಹೇಳುತ್ತದೆ. ಅಷ್ಟು ಜನ ಉತ್ತರಿಸಬೇಕಾದ ವಿಭಾಗಕ್ಕೆ ಬೇಕಿರುವುದು ದೂರಿಗೊಂದು ಸಂಖ್ಯೆ ಕೊಡುವ ತಂತ್ರಾಂಶ, ಮೇಲ್ ಪೆಟ್ಟಿಗೆಯಲ್ಲ. ಗಾತ್ರ 50 ಜಿಬಿ ದಾಟಿದರೆ ಪೆಟ್ಟಿಗೆಗೂ ಲೈಸೆನ್ಸ್ ಹಾಕಬೇಕು, ಇಲ್ಲದಿದ್ದರೆ ಹೊಸ ಪತ್ರಗಳು ಬರುವುದು ನಿಲ್ಲುತ್ತದೆ. ಸ್ಕ್ಯಾನ್ ಮಾಡಿದ ಅಂಕಪಟ್ಟಿಗಳೇ ಹೆಚ್ಚಾಗಿ ಬರುವ ಕಡೆ ವರ್ಷಕ್ಕೊಮ್ಮೆ ಗಾತ್ರ ನೋಡಿದರೆ ಒಳ್ಳೆಯದು.

ಗೂಗಲ್ ವರ್ಕ್‌ಸ್ಪೇಸ್ ಬಳಸುವ ಸಂಸ್ಥೆಗಳಲ್ಲಿ ಹಂಚಿಕೆಯ ಪಟ್ಟಿಗೂ ಗ್ರೂಪ್‌ಗೂ ಗೂಗಲ್ ಗ್ರೂಪ್ಸ್ ಒಂದೇ. ಸುಮ್ಮನೆ ಮಾಡಿದರೆ ಅದು ಡಿಎಲ್‌ನಂತೆ ಪ್ರತಿ ಹಂಚುತ್ತದೆ. ಅದರಲ್ಲೇ ‘ಕೊಲಾಬರೇಟಿವ್ ಇನ್‌ಬಾಕ್ಸ್’ ಆಯ್ಕೆ ಹಾಕಿದರೆ ಪತ್ರವನ್ನು ಇಂಥವರಿಗೆ ಎಂದು ವಹಿಸಬಹುದು, ಮುಗಿದದ್ದನ್ನು ಮುಗಿಯಿತು ಎಂದು ಗುರುತಿಸಬಹುದು. ಪತ್ರ ವಹಿಸಿಕೊಡುವ ಈ ಏರ್ಪಾಡು ಮೈಕ್ರೋಸಾಫ್ಟ್‌ನ ಬಣ್ಣದ ಉಪಾಯಕ್ಕಿಂತ ಅಚ್ಚುಕಟ್ಟು.

ಹೀಗಾಗಿ ನಮ್ಮ ಉದಾಹರಣೆಯ ವಿಭಾಗ ಡಿಎಲ್ ಬಿಟ್ಟು ಶೇರ್ಡ್ ಮೇಲ್‌ಬಾಕ್ಸ್‌ಗೆ ಬರಬೇಕು. ವಿಳಾಸ ಬದಲಾಗಬಾರದು, ಅದಾಗಲೇ ಸಾವಿರಾರು ಪ್ರವೇಶಪತ್ರಗಳ ಮೇಲಿದೆ. ಒಂದು ಸಂಸ್ಥೆಯೊಳಗೆ ಒಂದು ವಿಳಾಸ ಒಂದಕ್ಕೆ ಮಾತ್ರ ಸೇರಿರಲು ಸಾಧ್ಯ. ಆದ್ದರಿಂದ ಮೊದಲು ಪೆಟ್ಟಿಗೆಯನ್ನು ಬೇರೆ ತಾತ್ಕಾಲಿಕ ವಿಳಾಸದಲ್ಲಿ ತೆರೆದು, ನಾಲ್ವರಿಗೆ ಅನುಮತಿ ಕೊಟ್ಟು, ಸೆಂಟ್ ಫೋಲ್ಡರಿನ ಸೆಟ್ಟಿಂಗ್ ಮಾಡಿಕೊಳ್ಳಬೇಕು. ಆಮೇಲೆ ಡಿಎಲ್‌ನಿಂದ ವಿಳಾಸ ಬಿಡಿಸಬೇಕು. ಡಿಎಲ್‌ನ ಮುಖ್ಯ ವಿಳಾಸ ಬದಲಿಸಿದರೆ ಹಳೆಯದು ಅದಕ್ಕೇ ಉಪವಿಳಾಸವಾಗಿ ಅಂಟಿಕೊಂಡಿರುತ್ತದೆ, ಅದನ್ನೂ ತೆಗೆದ ಮೇಲಷ್ಟೇ ಪೆಟ್ಟಿಗೆಗೆ ಕೊಡಲು ಬರುತ್ತದೆ. ಹಳೆಯ ಪತ್ರಗಳು ತಾವಾಗಿ ಬರುವುದಿಲ್ಲ. ಬಾಕಿ ಇರುವವನ್ನು ಪ್ರತಿಯೊಬ್ಬರೂ ತಮ್ಮ ಇನ್‌ಬಾಕ್ಸಿನಿಂದ ಎಳೆದು ಪೆಟ್ಟಿಗೆಗೆ ಹಾಕಬೇಕು. ಒಂದರ ನಾಲ್ಕು ಪ್ರತಿ ಬರದಂತೆ, ನಾಲ್ವರಿಗೂ ಬಂದ ಪತ್ರವನ್ನು ಒಬ್ಬರ ಇನ್‌ಬಾಕ್ಸಿನಿಂದ ಮಾತ್ರ ಹಾಕಿದರೆ ಸಾಕು. ನಿವೃತ್ತರಾದ ಗುಮಾಸ್ತರ ಸ್ವಂತ ಮೇಲ್‌ಬಾಕ್ಸಿನಲ್ಲೇ ಎಲ್ಲ ಕಡತವಿದ್ದರೆ ಅದನ್ನೇ ಶೇರ್ಡ್ ಆಗಿ ಪರಿವರ್ತಿಸುವ ದಾರಿಯೂ ಇದೆ. ಆಗ ಲೈಸೆನ್ಸ್ ತೆಗೆಯಬಹುದು, ಆದರೆ ಅವರ ಖಾತೆಯನ್ನು ಅಳಿಸಿದರೆ ಪೆಟ್ಟಿಗೆಯೂ ಹೋಗುತ್ತದೆ.

ಬದಲಾವಣೆಯಾದ ಮರುದಿನ ಕಾಲೇಜಿನ ಒಳಗಿನವರು ಕಳಿಸಿದ ಮೇಲ್ ಮಾತ್ರ ವಾಪಸಾಗುತ್ತಿದ್ದು ಹೊರಗಿನವು ಸರಿಯಾಗಿ ಬರುತ್ತಿದ್ದರೆ ಗಾಬರಿ ಬೇಡ. ಔಟ್‌ಲುಕ್ ತಾನಾಗಿ ತೋರಿಸುವ ಹಳೆಯ ವಿಳಾಸದೊಳಗೆ ಡಿಎಲ್‌ನ ಒಳಗುರುತು ಅಡಗಿರುತ್ತದೆ. ವಾಪಸಾದ ಸಂದೇಶದಲ್ಲಿ IMCEAEX ಎಂದು ಕಂಡರೆ ಇದೇ ಕಾರಣ. ಕಳಿಸುವವರು ಆ ಸಲಹೆಯನ್ನು ಅಳಿಸಿ ವಿಳಾಸವನ್ನು ಹೊಸದಾಗಿ ಬರೆದರೆ ಹೋಗುತ್ತದೆ. ಎಲ್ಲರಿಗೂ ಒಮ್ಮೆಲೇ ಸರಿಮಾಡಬೇಕಾದರೆ ಆಡಳಿತಗಾರರು ಹಳೆಯ ಗುರುತನ್ನು X500 ವಿಳಾಸವಾಗಿ ಪೆಟ್ಟಿಗೆಗೆ ಸೇರಿಸಬೇಕು.

ಕೊನೆಗೊಂದು ತಾಳೆ. ಕಾಲೇಜಿನದಲ್ಲದ ಒಂದು ಸ್ವಂತ ಜಿಮೇಲ್‌ನಿಂದ ವಿಭಾಗಕ್ಕೆ ಒಂದು ಮೇಲ್ ಕಳಿಸಿ. ಅದು ನಾಲ್ವರ ಪರದೆಯಲ್ಲೂ ಕಾಣಬೇಕು. ಆಪರೇಟರ್ ಉತ್ತರಿಸಿದರೆ ಜಿಮೇಲ್‌ನಲ್ಲಿ ವಿಭಾಗದ ಹೆಸರಷ್ಟೇ ಬಂದಿರಬೇಕು, ಅಧೀಕ್ಷಕರ ಪರದೆಯಲ್ಲಿ ಪೆಟ್ಟಿಗೆಯ ಸೆಂಟ್ ಫೋಲ್ಡರ್ ತೆರೆದರೆ ಆ ಉತ್ತರ ಅಲ್ಲಿರಬೇಕು. ಹತ್ತು ನಿಮಿಷದ ಕೆಲಸ. ವಿಳಾಸವನ್ನು ಪ್ರವೇಶಪತ್ರಕ್ಕೆ ಅಚ್ಚು ಹಾಕಿಸುವ ಮುನ್ನ ಮಾಡಿ ಮುಗಿಸಿ.